ಮೂರು ಬಸ್ ಬೋರ್ಡು, ಏಳು ಅಕ್ಷರ: ದುಡಿಯುವ ಹೆಂಗಸರ ಓದಿನ ತರಗತಿ ನಡೆಸುವುದು ಹೇಗೆ?

ಕುಮಟಾ ಬಸ್ ನಿಲ್ದಾಣದಲ್ಲಿ ಮೀನಿನ ಬುಟ್ಟಿ ಹೊತ್ತು ನಿಂತ ಹೆಂಗಸಿಗೆ ಅ, ಆ, ಇ, ಈ ಎಂಬ ಸಾಲು ಸದ್ಯಕ್ಕೆ ಬೇಕಾಗಿಲ್ಲ. ಎದುರು ಬಂದು ನಿಂತ ಬಸ್ಸು ಶಿರಸಿಗೋ ಕಾರವಾರಕ್ಕೋ ಎಂಬುದು ಬೇಕು. ಹಾಗಾಗಿ ಪಾಠವನ್ನು ವರ್ಣಮಾಲೆಯಿಂದ ಶುರು ಮಾಡದೆ ಮೂರು ಬೋರ್ಡುಗಳಿಂದ ಶುರು ಮಾಡಬಹುದು: ಕಾರವಾರ, ಕುಮಟಾ, ಶಿರಸಿ. ಈ ಮೂರರಲ್ಲಿ ಒಂದೂ ಒತ್ತಕ್ಷರವಿಲ್ಲ. ಇರುವ ವ್ಯಂಜನ ಏಳೇ: ಕ, ರ, ವ, ಮ, ಟ, ಶ, ಸ. ಅವುಗಳ ಜೊತೆಗೆ ಇಳಿ, ಗುಡಿಸು, ಕೊಂಬು ಎಂಬ ಮೂರು ಗುರುತು. ಒಂದು ಅಕ್ಷರಕ್ಕೆ ನಾಲ್ಕು ರೂಪದಂತೆ ಒಟ್ಟು 28 ಅಕ್ಷರ ಕೈಗೆ ಬರುತ್ತವೆ. ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲರಿಂದ ಒಂದು ತಾಸು ಕೂತರೆ ಇಷ್ಟಕ್ಕೆ ಎಂಟು ತರಗತಿ ಸಾಕು.

ಗುಂಪಿನಲ್ಲಿ ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಹೊತ್ತು ಅವರ ಕೆಲಸ ನೋಡಿ ಗೊತ್ತು ಮಾಡಬೇಕು. ಮೀನು ಮಾರುವವರು ಮಧ್ಯಾಹ್ನದ ಮೇಲೆ ಬಿಡುವಾಗುತ್ತಾರೆ, ಗೇರುಬೀಜದ ಕಾರ್ಖಾನೆಗೆ ಹೋಗುವವರು ಸಂಜೆಗೆ. ಇಬ್ಬರನ್ನೂ ಒಂದೇ ಹೊತ್ತಿಗೆ ಕರೆದರೆ ಎರಡನೇ ವಾರಕ್ಕೇ ಅರ್ಧ ಗುಂಪು ಕಾಣೆಯಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನಿನವರ ಗುಂಪಿಗೆ ಆಗ ಬಿಡುವು ಹೆಚ್ಚು, ಆದರೆ ಮಳೆಯೂ ಆಗಲೇ. ಕೂರುವ ಜಾಗ ಕೇರಿಯಲ್ಲೇ ಇರಬೇಕು.

ಮೊದಲು ಕಣ್ಣು, ಆಮೇಲೆ ಅಕ್ಷರ

ನಲವತ್ತು ದಾಟಿದವರಿಗೆ ಒಂದು ಮಾತ್ರೆಯ ಪಟ್ಟಿ ಕೊಟ್ಟು, ಅದರ ಮೇಲಿನ ಅಕ್ಷರ ಎಷ್ಟು ದೂರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಎಂದು ಕೇಳಿ. ಕೈ ಉದ್ದಕ್ಕೆ ಚಾಚಿ ಹಿಡಿದರೆ ಅದು ಚಾಳೀಸು. ಅಂಥವರನ್ನು ಮೊದಲು ಕಣ್ಣು ಪರೀಕ್ಷೆಗೆ ಕಳಿಸಿ. ಇದನ್ನು ಬಿಟ್ಟರೆ ಆಗುವುದೇನೆಂದರೆ, ಗೋಡೆಯ ಮೇಲಿನ ಬೋರ್ಡನ್ನು ಸರಾಗ ಓದುವವಳು ಪುಸ್ತಕದ ಎದುರು ತಡವರಿಸುತ್ತಾಳೆ. ‘ನನ್ನ ತಲೆಗೆ ಹತ್ತೂದಿಲ್ಲ ಅಕ್ಕೋರೇ’ ಎನ್ನುತ್ತಾಳೆ, ಕಲಿಸುವವರೂ ಅದನ್ನೇ ನಂಬಿಬಿಡುತ್ತಾರೆ.

ಸಾಮಾನು ಹೆಚ್ಚೇನೂ ಬೇಡ. 22 ಇಂಚು ಅಗಲ, 28 ಇಂಚು ಉದ್ದದ ಡ್ರಾಯಿಂಗ್ ಶೀಟು ಎರಡು, ಒಂದು ದಪ್ಪ ಕಪ್ಪು ಮಾರ್ಕರ್ ಸಾಕು. ಮೊದಲ ಶೀಟನ್ನು ಉದ್ದಕ್ಕೆ ಐದೂವರೆ ಇಂಚಿನ ನಾಲ್ಕು ಪಟ್ಟಿ ಮಾಡಿದರೆ ಮೂರು ಬೋರ್ಡು, ಮೇಲೊಂದು ಹೆಚ್ಚುವರಿ. ಎರಡನೆಯದನ್ನು ನಾಲ್ಕಿಂಚಿನ ಚೌಕ ಮಾಡಿದರೆ 35 ಚೀಟಿ ಸಿಗುತ್ತವೆ. 28 ಅಕ್ಷರ ಬರೆದು ಉಳಿದ ಏಳರಲ್ಲಿ ರ, ವಾ, ಸ ಇಂಥ ಮೇಲಿಂದ ಮೇಲೆ ಬೇಕಾಗುವವನ್ನು ಇನ್ನೊಮ್ಮೆ ಬರೆದಿಡಿ. ಮೂರೂ ಬೋರ್ಡಿಗೆ ಒಂದೇ ಬಣ್ಣದ ಕಾಗದ ಇರಲಿ. ಬಣ್ಣ ಬೇರೆಯಾದರೆ ಬಣ್ಣವನ್ನು ಓದುತ್ತಾರೆ, ಅಕ್ಷರವನ್ನಲ್ಲ. ಹಸಿರು ಕಾಗದ ಕಂಡೊಡನೆ ‘ಶಿರಸಿ’ ಎಂದು ಉತ್ತರ ಬಂದರೆ ಅದು ಕಲಿತದ್ದಲ್ಲ.

ಒಂದು ಬೋರ್ಡನ್ನು ಒಡೆಯುವ ಬಗೆ

ಮೊದಲ ತರಗತಿಗೆ ‘ಕಾರವಾರ’ ಸಾಕು. ಬೋರ್ಡು ತೋರಿಸಿ, ಇದು ಯಾವ ಊರು ಎಂದು ನೀವೇ ಹೇಳಿಬಿಡಿ. ಪರೀಕ್ಷೆ ಮಾಡುವ ಹೊತ್ತು ಇದಲ್ಲ. ಆಮೇಲೆ ಕಾ, ರ, ವಾ, ರ ಎಂದು ಒಂದೊಂದು ಅಕ್ಷರಕ್ಕೆ ಒಂದೊಂದು ಚಪ್ಪಾಳೆ. ಬೋರ್ಡನ್ನು ಕತ್ತರಿಸಿ ನಾಲ್ಕು ತುಂಡು ಮಾಡಿ, ಕಲಸಿ, ಅವರಿಂದಲೇ ಮತ್ತೆ ಜೋಡಿಸಿ. ಹೆಚ್ಚುವರಿ ಪಟ್ಟಿ ಇಟ್ಟುಕೊಂಡದ್ದು ಇದಕ್ಕೇ. ಅದೇ ತುಂಡುಗಳಿಂದ ‘ವಾರ’, ‘ರವಾ’ ಬರುತ್ತವೆ. ಚೀಟಿ ಸೇರಿಸಿದರೆ ಕರ, ವರ ಬರುತ್ತವೆ.

ಇಲ್ಲಿ ಒಂದು ತೊಡಕಿದೆ, ಇದನ್ನು ತಿಳಿಯದೆ ಹೊರಟರೆ ಮೂರನೇ ತರಗತಿಯಲ್ಲಿ ಸಿಕ್ಕಿಬೀಳುತ್ತೀರಿ. ಊರಿನ ಹೆಸರನ್ನು ಈ ಕಡೆ ಬರೆದಂತೆ ಯಾರೂ ಆಡುವುದಿಲ್ಲ. ಬಾಯಲ್ಲಿ ಕಾರ್ವಾರ, ಕುಮ್ಟಾ, ಶಿರ್ಸಿ. ‘ಕುಮ್-ಟಾ’ ಎಂದು ಎರಡು ಚಪ್ಪಾಳೆ ಹೊಡೆದವಳಿಗೆ ಬೋರ್ಡಿನಲ್ಲಿ ಮೂರು ಅಕ್ಷರ ಕಾಣುತ್ತದೆ. ಲೆಕ್ಕ ತಪ್ಪಿತು ಎಂದು ಅವಳು ಅಳುಕುತ್ತಾಳೆ, ಅಥವಾ ಅಕ್ಷರ ಬಿಟ್ಟು ಊಹೆಗೆ ಇಳಿಯುತ್ತಾಳೆ. ಅವಳ ಮಾತು ತಪ್ಪು ಎನ್ನಬೇಡಿ. ‘ಆಡುವುದು ಕುಮ್ಟಾ, ಬರೆಯುವುದು ಕು-ಮ-ಟಾ’ ಎಂದು ಎರಡನ್ನೂ ಒಟ್ಟಿಗೆ ಹೇಳಿಸಿ. ಕೆಲವು ಬೋರ್ಡಿನಲ್ಲಿ ಆಡುವಂತೆಯೇ ‘ಶಿರ್ಸಿ’ ಎಂದು ಬರೆದಿರುವುದೂ ಉಂಟು. ಅದನ್ನು ಎಂಟನೇ ತರಗತಿಯವರೆಗೆ ತೋರಿಸಬೇಡಿ.

ಕುಮಟಾದಿಂದ ಮ, ಟ ಮತ್ತು ಕೊಂಬು ಸಿಕ್ಕಿದವು. ಈಗ ಮರ, ಕರು, ಮಾವ, ಕುಮಾರ ಎಲ್ಲ ಓದಬಹುದು. ಬುಟ್ಟಿಯವರಿಗೆ ಎಲ್ಲಕ್ಕಿಂತ ಹತ್ತಿರದ ಪದ ‘ಮಾರಾಟ’ವೂ ಇಷ್ಟರಲ್ಲೇ ಇದೆ. ಇಲ್ಲಿ ಕಣ್ಣು ತಪ್ಪುವುದು ‘ಮ’ ಮತ್ತು ‘ವು’ ನಡುವೆ. ಎರಡೂ ವ ಅಕ್ಷರಕ್ಕೆ ಒಂದು ಬಾಲ ಬಂದಂತೆ ಕಾಣುತ್ತವೆ. ‘ಮ’ದ ಬಾಲ ಬಲಗಡೆ, ಸಾಲಿನಲ್ಲೇ ಕೂತಿರುತ್ತದೆ. ‘ವು’ ಬರೆಯುವಾಗ ಕೊಂಬು ಅಡಿಯಿಂದ ಹೊರಟು ಮೇಲಕ್ಕೆ ಬರುತ್ತದೆ. ಇದನ್ನು ಬಾಯಲ್ಲಿ ವಿವರಿಸಿ ಪ್ರಯೋಜನವಿಲ್ಲ. ‘ಮಾವು’ ಎಂದು ದೊಡ್ಡದಾಗಿ ಬರೆದು, ಎರಡೂ ಅಕ್ಷರದ ಮೇಲೆ ಬೆರಳಾಡಿಸಲು ಹೇಳಿ. ಅಂಕೋಲಾದ ಇಶಾಡ ಮಾವು ಗೊತ್ತಿಲ್ಲದವರು ಇಲ್ಲಿ ಯಾರಿದ್ದಾರೆ, ಪದ ನೆನಪಿನಲ್ಲಿ ಉಳಿಯುತ್ತದೆ.

ಮೂರನೇ ಬೋರ್ಡು ಶಿರಸಿ. ಗುಡಿಸು ಬಂದ ಮೇಲೆ ಸಾವಿರ, ರವಿವಾರ, ರಾಶಿ, ಸಾರು, ಕಾಸು, ಸರಕು. ಕೊಂಕಣಿ ಮನೆಮಾತಿನವರು ಇದ್ದರೆ ಚೀಟಿ ತೋರಿಸುವ ಮೊದಲು ಪದದ ಅರ್ಥ ಬಾಯಲ್ಲೇ ಕೇಳಿ. ಗೊತ್ತಿಲ್ಲದ ಪದವನ್ನು ಸರಿಯಾಗಿ ಓದಿದರೂ ಓದಿದೆ ಎಂಬ ನಂಬಿಕೆ ಅವರಿಗೆ ಬರುವುದಿಲ್ಲ.

ಓದುತ್ತಾಳೋ, ಊಹಿಸುತ್ತಾಳೋ?

ಏಳನೇ ತರಗತಿ ಇದಕ್ಕಾಗಿ. ಮೂರೇ ಬೋರ್ಡು ಇದ್ದರೆ ಮೊದಲಕ್ಷರ ನೋಡಿ ಉಳಿದದ್ದನ್ನು ಯಾರಾದರೂ ಹೇಳಿಬಿಡುತ್ತಾರೆ. ಆದ್ದರಿಂದ ಮೊದಲಕ್ಷರ ಒಂದೇ ಇರುವ ಜೋಡಿ ಹಿಡಿಯಿರಿ: ಕುಮಟಾ ಮತ್ತು ಕುಂದಾಪುರ, ಕಾರವಾರ ಮತ್ತು ಕಾರ್ಕಳ, ಶಿರಸಿ ಮತ್ತು ಶಿರಾಲಿ. ಕೊನೆಯ ಜೋಡಿ ಎಲ್ಲಕ್ಕಿಂತ ಕಠಿಣ, ಎರಡೂ ಮೂರಕ್ಷರ, ಎರಡರಲ್ಲೂ ಕೊನೆಗೆ ಗುಡಿಸು. ಕುಮಟಾದಲ್ಲಿ ನಿಂತವರಿಗೆ ಶಿರಸಿ ಘಟ್ಟದ ಮೇಲೆ, ಶಿರಾಲಿ ಭಟ್ಕಳದ ದಿಕ್ಕಿಗೆ. ಕುಂದಾಪುರ, ಕಾರ್ಕಳ, ಶಿರಾಲಿ ಪೂರ್ತಿ ಓದಬೇಕಾಗಿಲ್ಲ. ‘ಇದು ನಮ್ಮ ಬಸ್ಸಲ್ಲ’ ಎಂದು ಹೇಳಿ, ಯಾವ ಅಕ್ಷರ ನೋಡಿ ಹಾಗೆಂದೆ ಎಂದು ಬೆರಳಿಟ್ಟು ತೋರಿಸಿದರೆ ಪಾಸು. ಬೆರಳು ಅತ್ತಿತ್ತ ಅಲೆದರೆ ಇನ್ನೊಂದು ತರಗತಿ ಬೇಕು.

ಎಂಟನೆಯದು ನಿಲ್ದಾಣದಲ್ಲೇ. ಅಲ್ಲಿ ಕೆಲವು ಹೊಸ ತೊಂದರೆಗಳಿವೆ. ಓಡುವ ಲೈಟಿನ ಬೋರ್ಡಿನಲ್ಲಿ ಅಕ್ಷರ ಚುಕ್ಕೆಗಳಾಗಿ ಒಡೆದಿರುತ್ತದೆ, ಪೂರ್ತಿ ಒಮ್ಮೆ ಓಡಿ ಮತ್ತೆ ಮೊದಲಿನಿಂದ ಬರುವವರೆಗೆ ಕಾಯುವುದನ್ನು ಕಲಿಸಿ. ‘ಶಿರಸಿ–ಕುಮಟಾ’ ಎಂದು ಎರಡೂ ಊರು ಬರೆದ ತಗಡಿನ ಬೋರ್ಡು ಹೋಗುವಾಗಲೂ ಬರುವಾಗಲೂ ಅದೇ ಇರುತ್ತದೆ. ಓದು ಬಂದವರೂ ಅಲ್ಲಿ ಕಂಡಕ್ಟರನ್ನು ಕೇಳಲೇಬೇಕು, ಅದರಲ್ಲಿ ಸಂಕೋಚವಿಲ್ಲ ಎಂದು ಹೇಳಿಬಿಡಿ. ಕಾರವಾರದ ಗುಂಪಾದರೆ ಗೋವಾದ ಕದಂಬ ಬಸ್ಸು ತೋರಿಸಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅದರಲ್ಲಿ ನಡೆಯುವುದಿಲ್ಲ. ನಮ್ಮ ಬಸ್ಸಿನಲ್ಲಿ ಸಿಗುವ ಸೊನ್ನೆ ದರದ ಟಿಕೆಟನ್ನು ಬಿಸಾಡದೆ ತರಗತಿಗೆ ತರಲು ಹೇಳಿ, ಅಂಕಿ ಓದಲು ಅದೇ ಮೊದಲ ಪಾಠ.

ಕರೆಂಟು ಬಿಲ್ಲಿನಲ್ಲಿ ಮೂರು ಕಿಟಕಿ

ಅಂಕಿ ಇವರಿಗೆ ಹೊಸತಲ್ಲ, ನೋಟು ಮತ್ತು ಮೊಬೈಲು ಕಲಿಸಿವೆ. ಬಿಲ್ಲಿನಲ್ಲಿ ಸೋಲುವುದು ಅಂಕಿ ಗೊತ್ತಿಲ್ಲದೆ ಅಲ್ಲ, ಅಂಕಿ ವಿಪರೀತ ಇರುವುದರಿಂದ. ಆರ್.ಆರ್. ನಂಬರನ್ನು ಕಟ್ಟಬೇಕಾದ ಹಣ ಎಂದುಕೊಂಡು ಗಾಬರಿಯಾಗುವವರಿದ್ದಾರೆ. ಉಪಾಯ ಸರಳ: ಹೆಸ್ಕಾಂ ಬಿಲ್ಲಿನ ಅಳತೆಯ ರಟ್ಟಿನಲ್ಲಿ ಮೂರು ಕಿಟಕಿ ಕತ್ತರಿಸಿ. ಈಗಿನ ರೀಡಿಂಗ್, ಹಿಂದಿನ ರೀಡಿಂಗ್, ಕಟ್ಟಬೇಕಾದ ಹಣ, ಈ ಮೂರು ಮಾತ್ರ ಕಾಣಲಿ. ಬಿಲ್ಲನ್ನು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಆ ಕಾಗದದ ಅಕ್ಷರ ಕೆಲವು ತಿಂಗಳಿಗೆ ಮಾಸುತ್ತದೆ, ಲ್ಯಾಮಿನೇಷನ್‌ಗೆ ಕೊಟ್ಟರೆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ.

ಈಗಿನದು 4286, ಹಿಂದಿನದು 4193 ಎನ್ನೋಣ. ಕಳೆಯುವ ಲೆಕ್ಕವನ್ನು ಶಾಲೆಯ ಹಾಗೆ ದಶಕ ಎರವಲು ತಂದು ಕಲಿಸಬೇಡಿ. ಮೀನು ಮಾರುವವಳು ಚಿಲ್ಲರೆ ಕೊಡುವ ಹಾಗೆ ಮೇಲಕ್ಕೆ ಎಣಿಸಲಿ: 4193ರಿಂದ 4200ಕ್ಕೆ 7, ಅಲ್ಲಿಂದ 86, ಒಟ್ಟು 93 ಯೂನಿಟ್. ಮರುದಿನ ಮನೆಯ ಮೀಟರ್ ನೋಡಿ ಬರಲಿ. ಪರದೆಯ ಮೇಲೆ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತವೆ, ಪಕ್ಕದಲ್ಲಿ kWh ಎಂದು ಬಂದಾಗಿನದನ್ನೇ ಬರೆದುಕೊಳ್ಳಬೇಕು.

ಗೃಹಜ್ಯೋತಿಯಲ್ಲಿ ಎಲ್ಲ ಮನೆಗೂ 200 ಯೂನಿಟ್ ಉಚಿತ ಎಂಬ ತಪ್ಪು ತಿಳಿವಳಿಕೆ ಇದೆ. ಪ್ರತಿ ಮನೆಗೂ ಅದರ ಹಿಂದಿನ ಬಳಕೆ ನೋಡಿ ಬೇರೆ ಬೇರೆ ಮಿತಿ ಇರುತ್ತದೆ. ಮಿತಿ ದಾಟಿ 200ರ ಒಳಗಿದ್ದರೆ ದಾಟಿದ್ದಕ್ಕೆ ಹಣ, 200 ದಾಟಿದರೆ ಪೂರ್ತಿ ಬಿಲ್ಲು. ಹೋದ ತಿಂಗಳು ಸೊನ್ನೆ ಇದ್ದದ್ದು ಈ ತಿಂಗಳು ಯಾಕೆ ಬಂತು ಎಂಬ ಜಗಳಕ್ಕೆ ಉತ್ತರ ಆ 93ರಲ್ಲಿದೆ.

ಮಾತ್ರೆಯ ಪಟ್ಟಿ

ಇದರಲ್ಲಿ ಕನ್ನಡ ಸಿಗುವುದಿಲ್ಲ. ಇಂಗ್ಲಿಷ್ ವರ್ಣಮಾಲೆ ಹಿಡಿಯಬೇಡಿ. ಇ, ಎಕ್ಸ್, ಪಿ ಎಂಬ ಮೂರಕ್ಷರವನ್ನು ಒಂದು ಚಿತ್ರದ ಹಾಗೆ ಗುರುತಿಸಿದರೆ ಸಾಕು. ಆ ಮೂರಕ್ಷರದ ಎದುರು ಬರೆದ ತಿಂಗಳು, ವರ್ಷ ಮಾತ್ರೆಯ ಕೊನೆಯ ಗಡುವು. 03/2026 ಎಂದಿದ್ದರೆ ಆ ಮಾರ್ಚ್ ಮುಗಿಯುವವರೆಗೆ ತೆಗೆದುಕೊಳ್ಳಬಹುದು. ತಯಾರಾದ ತಾರೀಕೂ ಪಕ್ಕದಲ್ಲೇ ಇರುವುದರಿಂದ ಎರಡನ್ನೂ ಓದಿಸಿ, ಮುಂದಿನದು ಯಾವುದು ಎಂದು ಕೇಳಿ. ಬೆಳ್ಳಿ ಹಾಳೆಯ ಮೇಲೆ ಒತ್ತಿದ ಅಂಕಿ ನೇರ ನೋಡಿದರೆ ಕಾಣದು, ಪಟ್ಟಿಯನ್ನು ಬೆಳಕಿಗೆ ಓರೆ ಮಾಡಬೇಕು. ತಾರೀಕು ಬಹಳ ಸಲ ಪಟ್ಟಿಯ ಒಂದು ತುದಿಯಲ್ಲಿ ಮಾತ್ರ ಇರುತ್ತದೆ. ಮಾತ್ರೆಯನ್ನು ಇನ್ನೊಂದು ತುದಿಯಿಂದ ಕತ್ತರಿಸುತ್ತ ಬರಬೇಕು. ಅಂಗಡಿಯವರು ತಾರೀಕಿನ ತುದಿಯನ್ನೇ ಕತ್ತರಿಸಿ ತಮ್ಮಲ್ಲಿಟ್ಟುಕೊಂಡು ನಾಲ್ಕು ಮಾತ್ರೆ ಕೊಟ್ಟರೆ, ಆ ತುಂಡನ್ನು ಕೇಳಿ ನೋಡುವುದನ್ನೂ ತರಗತಿಯಲ್ಲಿ ಆಡಿಸಿ ತೋರಿಸಿ.

ಮುಂದಿನ ಬೋರ್ಡು ಅಂಕೋಲಾ: ಅ, ಸೊನ್ನೆ, ‘ಕೋ’ ಮತ್ತು ಲ ಹೊಸತು. ಆಮೇಲೆ ಯಲ್ಲಾಪುರ, ಹೊನ್ನಾವರ. ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಇರುವುದರಿಂದ ಒತ್ತಕ್ಷರಕ್ಕೆ ಇವೇ ಮೊದಲ ಮೆಟ್ಟಿಲು. ಭಟ್ಕಳ ಅದರ ನಂತರ. ಗೋಕರ್ಣ ಕೊನೆಗೆ, ಅಲ್ಲಿ ಬಾಯಲ್ಲಿ ಮೊದಲು ಬರುವ ರ ಬರಹದಲ್ಲಿ ಹಿಂದೆ ಹೋಗಿ ಕೂತಿರುತ್ತದೆ.