ಮರೆವಿನಲ್ಲಿ ಹಾರ್ಮೋನಿನ ಪಾಲೆಷ್ಟು? ನನ್ನದೇ ಲೆಕ್ಕ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರ ಮುಂದೆ ನಿಂತು, ‘ಮಾರು’ ಎಂಬ ಪದ ಬಾಯಿಗೆ ಬಾರದೆ, ಎರಡೂ ಕೈ ಅಗಲಿಸಿ ಇಷ್ಟುದ್ದ ಮಲ್ಲಿಗೆ ಕೊಡಿ ಎಂದಾಗ ನನಗೆ 48 ವರ್ಷ. ಆ ಹೊತ್ತಿಗೆ ಇಪ್ಪತ್ತು ವರ್ಷಗಳಿಂದ ಸ್ತ್ರೀರೋಗ ವೈದ್ಯೆಯಾಗಿದ್ದೆ. ತಲೆ ಮಂಕಾಗಿದೆ, ಇಟ್ಟಿದ್ದು ಎಲ್ಲಿ ಎಂದು ತಿಳಿಯುವುದಿಲ್ಲ ಎಂದು ಬಂದವರಿಗೆ, ‘ಮುಟ್ಟು ನಿಲ್ಲುವ ಕಾಲ ಅಮ್ಮ, ಎಲ್ಲ ಹಾರ್ಮೋನಿನದ್ದು, ಸರಿಹೋಗುತ್ತೆ’ ಎಂದು ಹೇಳಿ ಕಳುಹಿಸುವುದು ನನಗೆ ಅಭ್ಯಾಸವಾಗಿತ್ತು. ನನಗೂ ಅದನ್ನೇ ಹೇಳಿಕೊಂಡು ಐದು ತಿಂಗಳು ಕಳೆದೆ. ಆ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅರ್ಧದಷ್ಟೇ ನಿಜ ಎಂಬುದು ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡತೊಡಗಿದ ಮೇಲೆ ತಿಳಿಯಿತು.

ಈಸ್ಟ್ರೋಜೆನ್ ಕೇವಲ ಗರ್ಭಕೋಶದ ಹಾರ್ಮೋನ್ ಅಲ್ಲ. ಹೊಸದನ್ನು ನೆನಪಿಗೆ ಸೇರಿಸುವ ಹಿಪೊಕ್ಯಾಂಪಸ್‌ನಲ್ಲಿಯೂ ಗಮನವನ್ನು ಹಿಡಿದಿಡುವ ಮಿದುಳಿನ ಮುಂಭಾಗದಲ್ಲಿಯೂ ಅದನ್ನು ಗ್ರಹಿಸುವ ಕೋಶಗಳಿವೆ. ಮುಟ್ಟು ಏರುಪೇರಾಗುವ ವರ್ಷಗಳಲ್ಲಿ ಈ ಹಾರ್ಮೋನ್ ಮೆಲ್ಲಗೆ ಇಳಿಯುವುದಿಲ್ಲ, ಒಂದು ವಾರ ಏರಿ ಮರುವಾರ ಕುಸಿಯುತ್ತದೆ. ಆಗ ಸಾಮಾನ್ಯವಾಗಿ ಕಾಣುವುದು ಪದ ತಡವಾಗಿ ಸಿಗುವುದು, ಈಗಷ್ಟೇ ಕೇಳಿದ ಪಟ್ಟಿ ಜಾರಿಹೋಗುವುದು, ಮಾತಿನ ನಡುವೆ ಎಳೆ ತಪ್ಪುವುದು. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಸ್ವಾನ್’ ಅಧ್ಯಯನದ 2009ರ ವರದಿಯೂ, ಕಲಿಕೆಯ ಚುರುಕು ಈ ನಡುಗಾಲದಲ್ಲಿ ಕುಂದಿ, ಮುಟ್ಟು ನಿಂತ ಬಳಿಕ ಮತ್ತೆ ಚೇತರಿಸಿಕೊಂಡಂತೆ ತೋರುತ್ತದೆ ಎಂದಿತು. ಹಾಗಾಗಿ ಹಾರ್ಮೋನಿನ ಮರೆವು ಒಂದು ದಿನ ಇದ್ದು ಇನ್ನೊಂದು ದಿನ ಇಲ್ಲದಿರುವ ಮರೆವು. ಯಾರಾದರೂ ಸುಳಿವು ಕೊಟ್ಟರೆ ಮರೆತದ್ದು ಥಟ್ಟನೆ ಹೊಳೆಯುತ್ತದೆ.

ಎಫ್‌ಎಸ್‌ಹೆಚ್ ಎಂಬ, ಮುಟ್ಟು ನಿಲ್ಲುವ ಹಂತವನ್ನು ಸೂಚಿಸುವ ಹಾರ್ಮೋನಿನ ಪರೀಕ್ಷೆ ಮಾಡಿಸಿಬಿಡೋಣ ಎಂದು ನನಗೂ ಅನ್ನಿಸಿತ್ತು. ಆದರೆ 45 ದಾಟಿ ಮುಟ್ಟು ಏರುಪೇರಾಗಿರುವವರಲ್ಲಿ ಆ ಅಂಕಿ ವಾರಕ್ಕೊಂದು ಬಗೆಯಾಗಿರುತ್ತದೆ, ಮರೆವಿನ ಕಾರಣವನ್ನಂತೂ ಅದು ಹೇಳುವುದೇ ಇಲ್ಲ. ಅದರ ಬದಲು ಆರು ವಾರ ಪುಸ್ತಕದಲ್ಲಿ ನಾಲ್ಕು ಕಲಮು ಹಾಕಿ ಬರೆದೆ: ರಾತ್ರಿ ಬೆವರಿ ಎಷ್ಟು ಸಲ ಎದ್ದೆ, ಮರುದಿನ ಏನೇನು ಮರೆತೆ, ಯಾವ ಯಾವ ಮಾತ್ರೆ ನುಂಗಿದೆ, ಮೈಯಲ್ಲಿ ಬೇರೇನು ತೊಂದರೆ ಇತ್ತು. ಮರೆತದ್ದನ್ನೇ ಬರೆಯಲು ಮರೆಯದಿರಲೆಂದು ಪುಸ್ತಕವನ್ನು ಕಾಫಿಪುಡಿ ಡಬ್ಬಿಯ ಪಕ್ಕದಲ್ಲಿಟ್ಟೆ.

ಮೂರನೆಯ ವಾರದ ಹೊತ್ತಿಗೆ ಎರಡು ಬಗೆಯ ದಿನಗಳು ಬೇರೆ ಬೇರೆಯಾಗಿ ಕಾಣತೊಡಗಿದವು. ರಾತ್ರಿ ಮೂರು ನಾಲ್ಕು ಸಲ ಮೈಯೆಲ್ಲ ಕಾದು, ಬೆವರಿ ಎದ್ದಿದ್ದರೆ ಮರುದಿನ ಪದಗಳು ಕೈಕೊಡುತ್ತಿದ್ದವು. ನಿದ್ದೆ ಚೆನ್ನಾಗಿದ್ದರೆ ಹೆಚ್ಚಿನ ದಿನ ಮಾತು ಸರಾಗವಾಗಿರುತ್ತಿತ್ತು. ಆದರೆ ನಿದ್ದೆ ಚೆನ್ನಾಗಿದ್ದ ದಿನವೂ ಬಿಡದ ಮೂರು ಸಂಗತಿಗಳಿದ್ದವು: ಮಧ್ಯಾಹ್ನದ ವಿಪರೀತ ಸುಸ್ತು, ಅಂಗಾಲಿನ ಜೋಮು, ಸಾರು ತಾಗಿದರೆ ಉರಿಯುವ ನಾಲಿಗೆ. ಇವು ಈಸ್ಟ್ರೋಜೆನ್ನಿನ ತಾಳಕ್ಕೆ ಕುಣಿಯುವಂಥವಲ್ಲ.

ಮೂರನೆಯ ಕಲಮು ನನ್ನನ್ನು ನಾಚಿಸಿತು. ಸಕ್ಕರೆ ಕಾಯಿಲೆಗೆ ಎಂಟು ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೆ. ಎದೆಯುರಿಗೆಂದು ಶುರುಮಾಡಿದ ಪ್ಯಾಂಟೊಪ್ರಜೋಲ್ ಅನ್ನು ನಿಲ್ಲಿಸಿಯೇ ಇರಲಿಲ್ಲ. ನಿದ್ದೆ ಬರಲಿ ಎಂದು ವಾರಕ್ಕೆ ಮೂರು ನಾಲ್ಕು ರಾತ್ರಿ ಕ್ಲೋರ್‌ಫೆನಿರಮಿನ್ ಇರುವ ನೆಗಡಿ ಮಾತ್ರೆ ನುಂಗುತ್ತಿದ್ದೆ. ಮೊದಲೆರಡೂ ನರಗಳಿಗೆ ಬೇಕಾದ ಬಿ12 ವಿಟಮಿನ್ ದೇಹಕ್ಕೆ ಸೇರುವುದನ್ನು ತಗ್ಗಿಸುತ್ತವೆ. ಸಸ್ಯಾಹಾರದಲ್ಲಿ ಅದು ಸಿಗುವುದೇ ಕಡಿಮೆ, ನಾನೋ ಹುಟ್ಟಾ ಸಸ್ಯಾಹಾರಿ. ಮೂರನೆಯದು, ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್‌ನ ಕೆಲಸವನ್ನೇ ತಡೆಯುತ್ತದೆ. ಅದರ ಮಂಪರು ಮರುದಿನ ಬೆಳಗಿನವರೆಗೂ ಉಳಿಯಬಹುದು. ನಿದ್ದೆ ಚೆನ್ನಾಗಿತ್ತು ಎಂದು ಬರೆದಿದ್ದ ಕೆಲವು ದಿನಗಳ ಮಂಕಿಗೆ ಕಾರಣ ಅಲ್ಲಿತ್ತು. ರೋಗಿಗಳಲ್ಲಾದರೆ ಮೊದಲು ಮಾತ್ರೆಯ ಚೀಲ ತರಿಸಿ ನೋಡುತ್ತೇನೆ. ನನ್ನ ಚೀಲವನ್ನು ನಾನು ನೋಡಿರಲಿಲ್ಲ.

ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಾಗಿತ್ತು. ಹಿಮೋಗ್ಲೋಬಿನ್ 10.4, ಬಿ12 156, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 9 ಬಂತು. ಬಿ12 200ಕ್ಕಿಂತ ಕೆಳಗಿದ್ದರೆ ಕೊರತೆಯೆಂದು ಎಣಿಸುತ್ತೇವೆ. ಇಲ್ಲಿ ಎಡವುವುದು ಸುಲಭ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಬಿ12 ಕಡಿಮೆಯಾದರೆ ಕೆಂಪು ರಕ್ತಕಣ ದೊಡ್ಡದಾಗುತ್ತದೆ, ವರದಿಯಲ್ಲಿ ಕಣದ ಸರಾಸರಿ ಗಾತ್ರ ಹೇಳುವ ಎಂಸಿವಿ ಏರುತ್ತದೆ, ಅದನ್ನು ಕಂಡು ವೈದ್ಯರಿಗೆ ಅನುಮಾನ ಬರುತ್ತದೆ. ನನ್ನ ಎಂಸಿವಿ 84, ಅಂದರೆ ಸಹಜ. ಕಾರಣ, ಒಂದು ವರ್ಷದಿಂದ ಮುಟ್ಟಿನಲ್ಲಿ ಅತಿಯಾಗಿ ಹೋಗುತ್ತಿದ್ದ ರಕ್ತದಿಂದ ಕಬ್ಬಿಣವೂ ಬರಿದಾಗಿತ್ತು. ಕಬ್ಬಿಣದ ಕೊರತೆ ಕಣವನ್ನು ಕುಗ್ಗಿಸುತ್ತದೆ, ಬಿ12ರ ಕೊರತೆ ಹಿಗ್ಗಿಸುತ್ತದೆ, ಸರಾಸರಿ ತೆಗೆದಾಗ ಎರಡೂ ಒಂದನ್ನೊಂದು ಮುಚ್ಚಿಬಿಡುತ್ತವೆ. ಬರೀ ರಕ್ತದ ಎಣಿಕೆ ನೋಡಿ ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರೆ ಅಂಗಾಲಿನ ಜೋಮು ಏರುತ್ತಲೇ ಹೋಗುತ್ತಿತ್ತು. ಅತಿಯಾದ ಸ್ರಾವ ಹಾರ್ಮೋನಿನ ಏರುಪೇರಿನದೇ ಫಲ, ಆದರೆ ಅದರಿಂದಾದ ಸುಸ್ತಿಗೆ ಬೇಕಾದದ್ದು ಹಾರ್ಮೋನಲ್ಲ, ಕಬ್ಬಿಣ. ಯಾವುದು ಹಾರ್ಮೋನಿನದು ಎಂಬ ಪ್ರಶ್ನೆ ಹೀಗೆ ಎರಡು ಪದರದ್ದಾಗಿರುತ್ತದೆ.

45 ದಾಟಿದವರಲ್ಲಿ ಸ್ರಾವ ಹೀಗಾದರೆ ಸ್ಕ್ಯಾನ್ ಮಾಡಿ ಗರ್ಭಕೋಶದ ಒಳಪದರದ ಚೂರನ್ನು ಪರೀಕ್ಷಿಸಬೇಕು. ಸಹೋದ್ಯೋಗಿಯೊಬ್ಬರು ನನಗೂ ಮಾಡಿದರು, ತೊಂದರೆ ಇರಲಿಲ್ಲ. ಜೋಮು ಇದ್ದುದರಿಂದ ಬಿ12 ಅನ್ನು 1000 ಮೈಕ್ರೋಗ್ರಾಂ ಸೂಜಿಯಾಗಿ ಮೊದಲ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ ತೆಗೆದುಕೊಂಡೆ. ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ನಿಂಬೆರಸದೊಂದಿಗೆ, ಕಾಫಿಯಿಂದ ದೂರವಿಟ್ಟು ನುಂಗಿದೆ. ಎಲ್ಲಕ್ಕಿಂತ ಕಷ್ಟವಾದದ್ದು ಈ ಕಾಫಿಯ ವಿಷಯವೇ. ನೆಗಡಿ ಮಾತ್ರೆ ಬಿಟ್ಟ ಒಂದು ವಾರದಲ್ಲಿ ಬೆಳಗಿನ ಮಂಪರು ಹೋಯಿತು. ಮಧ್ಯಾಹ್ನದ ಸುಸ್ತು ಎರಡು ತಿಂಗಳಲ್ಲಿ ಇಳಿಯಿತು. ಜೋಮು ಪೂರ್ತಿ ಹೋಗಲು ಆರು ತಿಂಗಳು ಬೇಕಾಯಿತು.

ಇಷ್ಟಾದ ಮೇಲೂ ಉಳಿದದ್ದು ಬೆವರಿದ ರಾತ್ರಿಯ ಮರುದಿನದ ಪದಗಳ್ಳತನ. ಅದೇ ನನ್ನ ಮರೆವಿನಲ್ಲಿ ಹಾರ್ಮೋನಿನ ನಿಜವಾದ ಪಾಲು. ರಕ್ತದೊತ್ತಡ ನೋಡಿ, ಮ್ಯಾಮೊಗ್ರಾಮ್ ಮಾಡಿಸಿ, ರಕ್ತ ಹೆಪ್ಪುಗಟ್ಟಿದ ಇತಿಹಾಸವಿಲ್ಲವೆಂದು ಖಚಿತಪಡಿಸಿಕೊಂಡು, ಚರ್ಮಕ್ಕೆ ಹಚ್ಚುವ ಈಸ್ಟ್ರೋಜೆನ್ ಜೆಲ್ಲನ್ನೂ, ಗರ್ಭಕೋಶ ಇರುವುದರಿಂದ ತಿಂಗಳಿಗೆ 12 ರಾತ್ರಿ ಪ್ರೊಜೆಸ್ಟರಾನ್ ಗುಳಿಗೆಯನ್ನೂ ಶುರುಮಾಡಿದೆ. ಒಂದು ತಿಂಗಳಲ್ಲಿ ಬೆವರು ಬಹಳ ಕಡಿಮೆಯಾಯಿತು, ನಿದ್ದೆಯ ಹಿಂದೆಯೇ ಪದಗಳೂ ಮರಳಿದವು. ನಾನು ಇದನ್ನು ತೆಗೆದುಕೊಂಡದ್ದು ಬೆವರಿಗಾಗಿ, ನೆನಪಿಗಾಗಿ ಅಲ್ಲ. ಬರೀ ಮರೆವಿಗೆಂದು ಹಾರ್ಮೋನ್ ಕೊಡುವುದಕ್ಕೆ ಆಧಾರವಿಲ್ಲ. 65 ದಾಟಿದ ಮಹಿಳೆಯರಿಗೆ ಎರಡೂ ಹಾರ್ಮೋನ್ ಸೇರಿಸಿ ಹೊಸದಾಗಿ ಕೊಟ್ಟು ನೋಡಿದ, 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡಿಮೆನ್ಷಿಯಾ ಎಂಬ ಮರೆಗುಳಿ ಕಾಯಿಲೆಯ ಅಪಾಯ ಹೆಚ್ಚಾಗಿಯೇ ಕಂಡಿತ್ತು.

ಈಗ ಮರೆವೆಂದು ಬಂದವರಿಗೆ ನಾಲ್ಕು ಕಲಮಿನ ಹಾಳೆ ಕೊಡುತ್ತೇನೆ, ಆದರೆ ಎಲ್ಲರಿಗೂ ಅಲ್ಲ. ಕಳೆದ ವರ್ಷ ಮಂಡ್ಯದ ಕಡೆಯಿಂದ 57 ವರ್ಷದವರೊಬ್ಬರನ್ನು ಮಗಳು ಕರೆತಂದಿದ್ದಳು. ಮುಟ್ಟು ನಿಂತು ಆರು ವರ್ಷವಾಗಿತ್ತು. ‘ಅಮ್ಮನಿಗೆ ಮೂರು ವಾರದಿಂದ ಮುದ್ದೆ ತಿರುವೋದೇ ಮರೆತುಹೋಗಿದೆ ಮೇಡಂ, ಎಸರಿಗೆ ಹಿಟ್ಟು ಹಾಕಿ ಸುಮ್ನೆ ನಿಂತಿರ್ತಾರೆ’ ಎಂದಳು. ‘ನಂಗೇನೂ ಆಗಿಲ್ಲ ಕಣವ್ವ’ ಎಂದರು ತಾಯಿ. ಮರೆವು ಮನೆಯವರಿಗೆ ಕಂಡು ಸ್ವತಃ ಅವರಿಗೇ ಕಾಣದಿರುವುದು, ಕೈಗೆ ಪಳಗಿದ ಕೆಲಸವೇ ತಪ್ಪುವುದು, ವಾರಗಳಲ್ಲೇ ಹೆಚ್ಚಾಗುವುದು, ಈ ಮೂರೂ ಋತುಬಂಧದ ಲಕ್ಷಣಗಳಲ್ಲ. ಕೇಳುತ್ತಾ ಹೋದಾಗ, ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾಗಿದ್ದೂ ಹೃದಯಕ್ಕೆಂದು ಆಸ್ಪಿರಿನ್ ನುಂಗುತ್ತಿದ್ದುದೂ ತಿಳಿಯಿತು. ಅಂದೇ ತಲೆಯ ಸ್ಕ್ಯಾನ್ ಮಾಡಿಸಿದೆವು. ತಲೆಬುರುಡೆಯ ಒಳಗೆ, ಮಿದುಳಿನ ಮೇಲೆ, ನಿಧಾನವಾಗಿ ಜಿನುಗಿದ ರಕ್ತ ನಿಂತಿತ್ತು. ಮರುದಿನ ನರಶಸ್ತ್ರಚಿಕಿತ್ಸಕರು ಅದನ್ನು ತೆಗೆದರು. ಒಂದೂವರೆ ತಿಂಗಳ ಬಳಿಕ ಮಗಳ ಜೊತೆ ಬಂದವರು, ನನ್ನ ಮೇಜಿನ ಮೇಲಿದ್ದ ಹಾಳೆ ನೋಡಿ, ‘ನಂಗ್ಯಾಕೆ ಇದ್ ಕೊಡ್ಲಿಲ್ಲ ಡಾಕ್ಟ್ರವ್ವ?’ ಎಂದು ಕೇಳಿದರು.