ಕಳ್ಳ ಬದಲಿಸಿದ ಇಮೇಲ್ ವಾಪಸ್ ತಂದದ್ದು

ಗಂಗಾವತಿಯ ಸೀರೆ ಅಂಗಡಿಯೊಂದರ ಇನ್‌ಸ್ಟಾಗ್ರಾಮ್ ಖಾತೆಯ ಇಮೇಲನ್ನು ಯಾರೋ ಬದಲಿಸಿಬಿಟ್ಟಿದ್ದರು. ಹೀಗಾದಾಗ ಹಳೆಯ ವಿಳಾಸಕ್ಕೆ security@mail.instagram.com ನಿಂದ ಮೇಲ್ ಬರುತ್ತದೆ. ಅದು ಜಿಮೇಲ್‌ನ ಪ್ರೈಮರಿ ಟ್ಯಾಬ್‌ನಲ್ಲಿರಲಿಲ್ಲ, ಸೋಷಿಯಲ್ ಟ್ಯಾಬ್‌ನಲ್ಲಿತ್ತು.

ಲಿಂಕ್ ಒತ್ತುವ ಮೊದಲು ಜಿಮೇಲ್ ಪಾಸ್‌ವರ್ಡ್ ಬದಲಿಸಿ, ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ನೋಡಿದ್ದಾಯಿತು. ಕಳ್ಳ ಅಲ್ಲಿ ಫಿಲ್ಟರ್ ಇಟ್ಟಿದ್ದರೆ ಎಚ್ಚರಿಕೆಯ ಮೇಲ್ ನೇರ ಕಸದಬುಟ್ಟಿಗೆ ಹೋಗುತ್ತದೆ. ಈ ಸೆಟ್ಟಿಂಗ್ಸನ್ನು ಹೆಚ್ಚಿನವರು ನೋಡುವುದೇ ಇಲ್ಲ. ಆಮೇಲೆ ಮೇಲ್‌ನಲ್ಲಿದ್ದ ಲಿಂಕ್‌ನಿಂದ ಬದಲಾವಣೆ ರದ್ದು ಮಾಡಿ, ಇನ್‌ಸ್ಟಾಗ್ರಾಮ್‌ಗೂ ಹೊಸ ಪಾಸ್‌ವರ್ಡ್ ಹಾಕಿದೆ.

ಇನ್‌ಸ್ಟಾಗ್ರಾಮ್ ಮೇಲ್‌ಗೆ ಕಳಿಸುವ ದೃಢೀಕರಣ ಕೋಡ್ ತಡವಾದರೆ ಪದೇ ಪದೇ ಕೇಳಬೇಡಿ. ಕೆಲವು ಆಫೀಸ್ ಮೇಲ್ ಸರ್ವರ್‌ಗಳು ಅಪರಿಚಿತ ಮೇಲನ್ನು ಮೊದಲ ಸಲ ತಾತ್ಕಾಲಿಕವಾಗಿ ತಡೆಯುತ್ತವೆ, ಕಳಿಸಿದ ಸರ್ವರ್ ತಾನಾಗಿಯೇ ಮತ್ತೆ ಯತ್ನಿಸಿದಾಗ ಒಳಬಿಡುತ್ತವೆ. ಹಲವು ಕೋಡ್ ಬಂದಿದ್ದರೆ ಕೊನೆಯದನ್ನೇ ಹಾಕಿ. ಲಿಂಕ್ ಕೆಲಸ ಮಾಡದಿದ್ದರೆ instagram.com/hacked ಗೆ ಹೋಗಿ.