ಸೋಡಿಯಂನ ಜೋಡಿ ಗೆರೆಯನ್ನು ಗಾಜಿನ ತಟ್ಟೆಯಿಂದ ಬೇರ್ಪಡಿಸುವುದು ಹೇಗೆ?

ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಇರುವುದು ಒಂದು ಗೆರೆಯಲ್ಲ, ಎರಡು: 589.0 ಮತ್ತು 589.6 ನ್ಯಾನೊಮೀಟರ್. ಕಾಲೇಜು ಲ್ಯಾಬಿನ ಸ್ಪೆಕ್ಟ್ರೋಮೀಟರ್ ಜೊತೆಗೆ ಒಂದು ಎಟಲಾನ್, ಅಂದರೆ ಎರಡೂ ಮುಖಕ್ಕೆ ಕನ್ನಡಿಯಂಥ ಲೇಪ ಇರುವ ಗಾಜಿನ ತಟ್ಟೆ, ಇದ್ದರೆ ಇವೆರಡನ್ನೂ ಬೇರ್ಪಡಿಸಬಹುದು. ರಾಯಚೂರಿನ ಲ್ಯಾಬಿನಲ್ಲಾದರೆ ಬಿಸಿಲಿನ ಲೆಕ್ಕವೂ ಸೇರುತ್ತದೆ. ಅದು ಕೊನೆಗೆ ಬರುತ್ತದೆ.

ಮೊದಲು ತಟ್ಟೆ. ಸುಮಾರು 1 ಮಿಲಿಮೀಟರ್ ದಪ್ಪದ, ಎರಡೂ ಮುಖ ಸಮಾಂತರವಾಗಿರುವ ಗಾಜು ಬೇಕು. ಎರಡೂ ಕಡೆ 90% ಬೆಳಕನ್ನು ಹಿಂದಿರುಗಿಸುವ ಲೇಪ ಇರಬೇಕು. ಕಟಿಂಗ್ ಶಾಪಿನಲ್ಲಿ ಎದುರುಬದುರು ಕನ್ನಡಿಗಳ ನಡುವೆ ಕೂತರೆ ನಮ್ಮ ಬಿಂಬ ಸಾಲುಗಟ್ಟಿ ಕಾಣುತ್ತದಲ್ವಾ? ಇಲ್ಲಿ ಬೆಳಕು ಹಾಗೆಯೇ ಗಾಜಿನೊಳಗೆ ಹಿಂದೆ ಮುಂದೆ ಓಡಾಡುತ್ತದೆ. ಪ್ರತಿ ಸುತ್ತಿಗೂ ಸ್ವಲ್ಪ ಬೆಳಕು ಆಚೆ ಬರುತ್ತದೆ. ಆಚೆ ಬಂದ ಹತ್ತಾರು ಕಿರಣಗಳು ಒಂದರ ಮೇಲೊಂದು ಕೂಡುತ್ತವೆ. ಒಂದು ಸುತ್ತಿನ ದಾರಿ, ಅಂದರೆ `2nd cosθ`, ತರಂಗಾಂತರದ ಪೂರ್ಣ ಗುಣಕವಾದ ಕಡೆ ಮಾತ್ರ ಎಲ್ಲವೂ ಒಗ್ಗೂಡಿ ಹೊಳೆಯುತ್ತವೆ. ಇಲ್ಲಿ `n` ಗಾಜಿನ ವಕ್ರೀಭವನಾಂಕ, `d` ತಟ್ಟೆಯ ದಪ್ಪ, `θ` ಗಾಜಿನೊಳಗಿನ ಕೋನ. ಸ್ವಲ್ಪ ತಪ್ಪಿದರೂ ಒಂದನ್ನೊಂದು ಅಳಿಸುತ್ತವೆ. ಹೊಳೆಯುವ ಉಂಗುರ ತೆಳ್ಳಗಿರುವುದು ಇದರಿಂದಲೇ.

ಲೇಪವಿಲ್ಲದ ಗಾಜು ಸಾಲುವುದಿಲ್ಲ. ಅದು ಒಂದು ಮುಖದಿಂದ ಬರೀ 4% ಹಿಂದಿರುಗಿಸುತ್ತದೆ. ಎರಡನೇ ಕಿರಣವೇ ತೀರಾ ಮಂಕು, ಮೂರನೆಯದನ್ನು ಕೇಳುವುದೇ ಬೇಡ. ಆಚೆ ಬದಿಯಲ್ಲಿ ಹೊಳಪಿನ ಭಾಗಕ್ಕೂ ಕತ್ತಲ ಭಾಗಕ್ಕೂ ಇರುವ ವ್ಯತ್ಯಾಸ ಸುಮಾರು 17% ಅಷ್ಟೆ. 90% ಲೇಪ ಹಾಕಿದರೆ ಹೊಳಪಿನ ಭಾಗ ಕತ್ತಲ ಭಾಗದ 361 ಪಟ್ಟಾಗುತ್ತದೆ. ಉಂಗುರದ ಚೂಪುತನ ಅಳೆಯುವುದಕ್ಕೆ ಫಿನೆಸ್ ಎನ್ನುವ ಸಂಖ್ಯೆ ಇದೆ:

```
F = π√R / (1 − R)
```

`R` ಅಂದರೆ ಲೇಪ ಹಿಂದಿರುಗಿಸುವ ಬೆಳಕಿನ ಪಾಲು. ಅದು 0.9 ಆದರೆ `F` ಸುಮಾರು 30. ಅಂದರೆ ಪಕ್ಕಪಕ್ಕದ ಎರಡು ಉಂಗುರಗಳ ಅಂತರದ ಮೂವತ್ತನೇ ಒಂದು ಭಾಗವೇ ಉಂಗುರದ ದಪ್ಪ. ಆದರೆ ಇದು ಸಿಗಬೇಕಾದರೆ, ಬೆಳಕು ಹಾಯುವ ಜಾಗದಲ್ಲಿ ಗಾಜಿನ ದಪ್ಪ 6–7 ನ್ಯಾನೊಮೀಟರಿಗಿಂತ ಜಾಸ್ತಿ ಏರುಪೇರಾಗಬಾರದು. ಕಿಟಕಿ ಗಾಜಿಗೆ ಲೇಪ ಹಾಕಿಸಿ ದುಡ್ಡು ಕಳೆಯಬೇಡಿ. ತಟ್ಟೆಯ ಮುಂದೆ ಕಣ್ಣನ್ನು ಅತ್ತಿತ್ತ ಸರಿಸಿ ನೋಡಿ. ಉಂಗುರಗಳು ಉಬ್ಬಿದರೆ ಅಥವಾ ಕುಗ್ಗಿದರೆ ಮುಖಗಳು ಸಮಾಂತರವಾಗಿಲ್ಲ ಎಂದರ್ಥ.

ಉಂಗುರ ನೋಡುವುದು ಸುಲಭ. ದೀಪದ ಮುಂದೆ ಮಂಜು ಗಾಜು, ಅದರ ಮುಂದೆ ಎಟಲಾನ್, ಆಮೇಲೆ ದೂರಕ್ಕೆ ಫೋಕಸ್ ಮಾಡಿದ ಸ್ಪೆಕ್ಟ್ರೋಮೀಟರಿನ ಟೆಲಿಸ್ಕೋಪ್. ಬೀದಿದೀಪದ ಹೈಪ್ರೆಶರ್ ಸೋಡಿಯಂ ಬಲ್ಬ್ ಬೇಡ. ಅದರ ಗೆರೆ ತುಂಬಾ ಅಗಲ, ಉಂಗುರಗಳೆಲ್ಲ ಕಲಸಿಹೋಗುತ್ತವೆ. ಕೇಂದ್ರವೇ ಹೊಳೆಯುತ್ತಿದ್ದರೆ ಮೊದಲ ಉಂಗುರ ಕೇಂದ್ರದಿಂದ ಸುಮಾರು 1.7 ಡಿಗ್ರಿಯಲ್ಲೂ ಎರಡನೆಯದು 2.4 ಡಿಗ್ರಿಯಲ್ಲೂ ಸಿಗುತ್ತದೆ. ಎಡಕ್ಕೂ ಬಲಕ್ಕೂ ಓದಿ, ವ್ಯತ್ಯಾಸವನ್ನು ಅರ್ಧ ಮಾಡಿಕೊಳ್ಳಿ. ಕೋನಗಳ ವರ್ಗ ತೆಗೆದರೆ ಒಂದೇ ಗೆರೆಯ ಉಂಗುರಗಳು ಸಮ ಅಂತರದಲ್ಲಿ ಬೀಳುತ್ತವೆ.

ಈಗ ಜನ ಎಡವುವ ಜಾಗ. ತರಂಗಾಂತರ ಎಷ್ಟು ಬದಲಾದರೆ ಒಂದು ಗೆರೆಯ ಉಂಗುರ ಇನ್ನೊಂದರ ಮುಂದಿನ ಉಂಗುರದ ಮೇಲೆ ಹೋಗಿ ಕೂರುತ್ತದೆಯೋ ಅದೇ ಫ್ರೀ ಸ್ಪೆಕ್ಟ್ರಲ್ ರೇಂಜ್:

```
FSR = λ² / (2nd)
```

`n` 1.5 ಎಂದು ಹಿಡಿದರೆ 1 ಮಿಲಿಮೀಟರ್ ತಟ್ಟೆಗೆ ಇದು 0.116 ನ್ಯಾನೊಮೀಟರ್. ಸೋಡಿಯಂ ಗೆರೆಗಳ ಅಂತರ 0.597. ಭಾಗಿಸಿದರೆ ಸುಮಾರು 5.16. ಒಂದರ ಉಂಗುರಗಳು ಇನ್ನೊಂದನ್ನು ಐದು ಸಲ ದಾಟಿ, ಆಮೇಲೆ 0.16 ಭಾಗ ಮುಂದೆ ನಿಂತಿವೆ. ಟೆಲಿಸ್ಕೋಪಿನಲ್ಲಿ ಕಾಣುವುದು ಆ 0.16 ಮಾತ್ರ, ಐದು ಕಾಣುವುದಿಲ್ಲ. ಮಂಕು ಉಂಗುರದ ಸ್ವಲ್ಪ ಹೊರಗೆ ಹೊಳಪಿನದು ಇರುತ್ತದೆ. ಹೊಳಪಿನದೇ 589.0. ಉಂಗುರದ ದಪ್ಪ 0.03 ಭಾಗವಷ್ಟೇ ಆದ್ದರಿಂದ ಎರಡೂ ಬೇರೆಯಾಗಿ ಕಾಣುತ್ತವೆ.

ಆ ಐದನ್ನು ಗ್ರೇಟಿಂಗಿನಿಂದ, ಅಂದರೆ ಒತ್ತೊತ್ತಾಗಿ ಗೀರು ಹಾಕಿದ ತಟ್ಟೆಯಿಂದ, ತಿಳಿಯಬೇಕು. ಅದು ಅಂತರ ಸುಮಾರು 0.6 ಎಂದು ಹೇಳುತ್ತದೆ. ಪೂರ್ಣಸಂಖ್ಯೆ ನಾಲ್ಕಾಗಿದ್ದರೆ 0.48, ಆರಾಗಿದ್ದರೆ 0.71 ಬರಬೇಕಿತ್ತು. ಹಾಗಾಗಿ ಐದೇ ಸರಿ. ತಟ್ಟೆಯನ್ನು 0.15 ಮಿಲಿಮೀಟರಿಗೆ ಇಳಿಸಿದರೆ ರೇಂಜ್ 0.77ಕ್ಕೆ ಏರುತ್ತದೆ, ಈ ಗೊಂದಲವೇ ಇರುವುದಿಲ್ಲ. ಆದರೆ ಫಿನೆಸ್ ಅಷ್ಟೇ ಇರುವುದರಿಂದ ಉಂಗುರದ ದಪ್ಪ 0.004ರಿಂದ 0.026 ನ್ಯಾನೊಮೀಟರಿಗೆ ಹೋಗುತ್ತದೆ. ದಪ್ಪ ತಟ್ಟೆಗೆ ಸೂಕ್ಷ್ಮ ಜಾಸ್ತಿ, ತೆಳು ತಟ್ಟೆಗೆ ಹರವು ಜಾಸ್ತಿ. ಎರಡೂ ಬೇಕೆಂದರೆ ಲೇಪ ಸುಧಾರಿಸಬೇಕು. ಅದಕ್ಕೂ ಮಿತಿ ಇದೆ: ದೀಪದ ಗೆರೆಗೇ ಸ್ವಂತ ಅಗಲ ಇದೆ, ಅದಕ್ಕಿಂತ ಚೂಪು ಸಿಗುವುದಿಲ್ಲ.

ಇನ್ನು ಬಿಸಿಲು. ಗಾಜು ಒಂದು ಡಿಗ್ರಿ ಬಿಸಿಯಾದರೆ 1 ಮಿಲಿಮೀಟರ್ ತಟ್ಟೆಯೊಳಗಿನ ಸುತ್ತಿನ ದಾರಿ ಸುಮಾರು 25 ನ್ಯಾನೊಮೀಟರ್ ಹಿಗ್ಗುತ್ತದೆ. ಉಂಗುರದ ದಪ್ಪಕ್ಕೆ ಸಮನಾದದ್ದು 20 ನ್ಯಾನೊಮೀಟರ್. ಮೇ ತಿಂಗಳಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೆ, ಎಡಗಡೆ ಓದಿದ ಉಂಗುರ ಬಲಗಡೆ ಓದುವ ಹೊತ್ತಿಗೆ ಜರುಗಿರುತ್ತದೆ. ಎರಡೂ ಗೆರೆಗಳು ಹೆಚ್ಚುಕಡಿಮೆ ಒಟ್ಟಿಗೇ ಜರುಗುವುದರಿಂದ 0.16ಕ್ಕೆ ಧಕ್ಕೆಯಿಲ್ಲ. ಹಾಗಾಗಿ ಒಂದು ಗೆರೆಯ ಉಂಗುರಗಳನ್ನೆಲ್ಲ ಓದಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಮಂಕು, ಹೊಳಪು ಎರಡನ್ನೂ ಜೋಡಿಯಾಗಿ ಓದುತ್ತಾ ಹೋಗಿ, ಆದರೆ ಬೆಳಿಗ್ಗೆ ಹತ್ತರೊಳಗೆ.